ಮಗಳಿಗೆ 5 ಇದ್ರೂ ಏನೂ ಆಗಿಲ್ವಂತೆ, ಅಮ್ಮಂಗೆ 3 ಇದ್ರೂ ಮೂಳೆ ಹೋಗಿದೆಯಂತೆ, ಇದೆಂಥ ಲೆಕ್ಕ?

ಹಳೇಪೇಟೆ ಬಟ್ಟೆಯಂಗಡಿ
ಎಲ್ರಿಗೂ ನಮಸ್ಕಾರ. ದಾವಣಗೆರೆಯವ್ನು. ಹೋದ ವಾರ ಅಮ್ಮನ್ನ (58 ವರ್ಷ) ಮತ್ತೆ ಮಗಳನ್ನ (16) ಒಂದೇ ದಿನ ಹಲ್ಲಿನ ಡಾಕ್ಟ್ರ ಹತ್ರ ತೋರಿಸ್ಕೊಂಡು ಬಂದೆ. ಮಗಳಿಗೆ ಒಂದು ವರ್ಷದಿಂದ ಕ್ಲಿಪ್ ಹಾಕ್ಸಿದೀವಿ, ಬ್ರಶ್ ಮಾಡಿದ್ರೆ ಸಿಂಕಲ್ಲಿ ರಕ್ತ, ಒಸಡು ಊದಿ ಕ್ಲಿಪ್ಪಿನ ಮೇಲೇ ಬಂದು ಕೂತ್ಕೊಂಡಂಗೆ ಆಗೈತೆ. ಅಮ್ಮಂಗೆ ರಕ್ತ ಗಿಕ್ತ ಏನೂ ಇಲ್ಲ, ನೋವೂ ಇಲ್ಲ, ರೊಟ್ಟಿನ ಸಾರಲ್ಲಿ ನೆನೆಸ್ಕೊಂಡು ತಿಂತಾರೆ ಅಷ್ಟೆ, ವಯಸ್ಸಾಯ್ತಲ್ಲ ಅನ್ಕೊಂಡಿದ್ವಿ. ನಿಜ ಹೇಳ್ಬೇಕು ಅಂದ್ರೆ ಅಮ್ಮ ಬಂದಿದ್ದೇ ಮೊಮ್ಮಗಳ ಜೊತೆಗೆ, ಕುರ್ಚಿ ಖಾಲಿ ಇತ್ತು ಅಂತ ಡಾಕ್ಟ್ರು ಕೂರಿಸಿ ನೋಡಿದ್ರು.

ಒಂದು ಸಣ್ಣ ಕಡ್ಡಿ ಒಸಡಿನ ಸಂದಿಗೆ ಇಳಿಸಿ ನಂಬರ್ ಹೇಳ್ತಾ ಹೋದ್ರು, ನರ್ಸ್ ಬರ್ಕೊಂಡ್ರು. ಮಗಳಿಗೆ ಕೋರೆ ಹಲ್ಲಿನ ಹತ್ರ 4, 3, 5 ಬಂತು. ಅಮ್ಮಂಗೆ ಕೆಳಗಿನ ಮುಂದಿನ ಹಲ್ಲಿಗೆ 3, 2, 3. ಅಮ್ಮನ ಚೀಟಿ ನನ್ನ ಹತ್ರಾನೇ ಐತೆ, ಅದ್ರಲ್ಲಿ "31: 3-2-3, ರಿಸೆಶನ್ 4, ಮೊಬಿಲಿಟಿ 2" ಅಂತಲೂ "46: 7-5-6, ಫರ್ಕೇಶನ್ 2, ಪಸ್" ಅಂತಲೂ ಬರ್ದಾರೆ. ಆಮೇಲೆ ಹೇಳಿದ್ದೇನು ಅಂದ್ರೆ ಮಗಳಿಗೆ ಬರೀ ಜಿಂಜಿವೈಟಿಸ್, ಒಸಡಿನ ಊತ ಅಷ್ಟೆ, ಹೆದರ್ಬೇಡಿ, ಅಮ್ಮಂಗೆ ಪೆರಿಯೊಡಾಂಟೈಟಿಸ್ ಮೂಳೆ ತನಕ ಹೋಗೈತೆ, ಮುಂದಿನ ಹಲ್ಲು ಉಳಿಯೋದು ಕಷ್ಟ ಅಂತ. 7 ಅಂದ್ರೆ ಜಾಸ್ತಿ ಅಂತ ನಂಗೂ ಗೊತ್ತಾಗುತ್ತೆ, ಅದು ಬಿಡಿ. ಆದ್ರೆ 5 ಇದ್ದೋಳಿಗೆ ಏನೂ ಇಲ್ಲ, 3 ಇದ್ದೋರಿಗೆ ಹಲ್ಲೇ ಹೋಗ್ತಾವೆ ಅಂದ್ರೆ ಯಾರಾದ್ರೂ ನಂಬ್ತಾರಾ? ಇಬ್ಬರ ಚೀಟಿ ಅದ್ಲುಬದ್ಲಾಗೈತಾ ಅಂತ ಅನುಮಾನ ನಂಗೆ.

ಮೆಡಿಕಲ್ ಶಾಪ್ ಅಣ್ಣ
ನೂರಕ್ಕೆ ನೂರು ಅದ್ಲುಬದ್ಲು ಆಗಿರ್ಬೇಕು. 20 ವರ್ಷದಿಂದ ಅಂಗಡಿ ಇಟ್ಟಿದೀನಿ, ದಿನಾ ನೋಡ್ತೀನಿ. ರಕ್ತ ಬಂತು ಅಂದ್ರೆ ಪಯೋರಿಯಾ ಶುರು, ರಕ್ತ ಇಲ್ಲ ಅಂದ್ರೆ ಒಸಡು ಗಟ್ಟಿ ಐತೆ ಅಂತ ಅರ್ಥ. 3 ಮಿಲಿಮೀಟರ್ ತನಕ ನಾರ್ಮಲ್, ಅದನ್ನ ಡಾಕ್ಟ್ರುಗಳೇ ಹೇಳ್ತಾರೆ. ಮಗಳನ್ನ ಬೇಗ ತೋರಿಸಿ, ಅಮ್ಮನ್ನ ಬಿಡಿ. ಮತ್ತೆ ಅಮ್ಮಂಗೆ ಕ್ಲೀನ್ ಮಾತ್ರ ಮಾಡಿಸ್ಬೇಡಿ ದಯವಿಟ್ಟು, ಮಷಿನ್ ಹಾಕಿ ಕಿಟ್ಟ ತೆಗೆದ್ರು ಅಂದ್ರೆ ಹಲ್ಲು ಅಲ್ಲಾಡೋಕೆ ಶುರು ಆಗ್ತವೆ, ನಮ್ಮ ಮಾವಂಗೆ ಹಂಗೇ ಆಯ್ತು.

ಕೋಟೆನಾಡು
ಚಿತ್ರದುರ್ಗದಿಂದ. ನಂದೂ ಇದೇ ಸಮಸ್ಯೆ ಅನ್ಸುತ್ತೆ, ನಂಗೆ ಎರಡೂ ಕಡೆ ಕೋರೆ ಹಲ್ಲಿನ ಮುಂದೆ ಒಸಡು ಇಳಿದು ಹೋಗಿದೆ, ಬೇರು ಹಳದಿಯಾಗಿ ಕಾಣುತ್ತೆ, ಐಸ್‌ಕ್ರೀಮ್ ತಿಂದ್ರೆ ಜುಂ ಅನ್ನುತ್ತೆ. ಇದಕ್ಕೆ ಯಾವ ಪೇಸ್ಟ್ ಒಳ್ಳೇದು ಹೇಳಿ. ಮೂಳೆ ಹೋಗಿದ್ಯಾ ಅಂತ ಓದಿ ಈಗ ಹೆದ್ರಿಕೆ ಬೇರೆ ಶುರುವಾಯ್ತು.

ಒಸಡಿನ ಡಾಕ್ಟ್ರು
ಚೀಟಿ ಅದ್ಲುಬದ್ಲಾಗಿಲ್ಲ. ಎರಡೂ ಸರಿಯಾಗೇ ಇದೆ, ನೀವು ಓದಿರೋ ರೀತಿ ಮಾತ್ರ ಅರ್ಧ.

ಆ ಕಡ್ಡಿ ಅಳೆಯೋದು ಏನನ್ನ ಅಂತ ಮೊದ್ಲು ನೋಡಿ. ಹಲ್ಲಿಗೂ ಒಸಡಿಗೂ ನಡುವೆ ಒಂದು ಸಣ್ಣ ಸಂದಿ ಇರುತ್ತೆ, ಷರಟಿನ ಕಾಲರ್ ಒಳಗೆ ಬೆರಳು ತೂರಿಸಿದಂಗೆ. ಕಡ್ಡಿ ಆ ಕಾಲರಿನ ಅಂಚಿಂದ ತಳದವರೆಗೆ ಎಷ್ಟು ಆಳ ಅಂತ ಹೇಳುತ್ತೆ, ಅಷ್ಟೆ. ಆದ್ರೆ ಕಾಲರೇ ಮೇಲೆ ಹೋಗಿದ್ರೆ ಅಥವಾ ಕೆಳಗೆ ಜಾರಿದ್ರೆ? ಅಂಚು ಜರುಗಾಡೋ ವಸ್ತು, ಅದ್ರಿಂದ ಅಳೆದ್ರೆ ಮೂಳೆ ಗತಿ ಗೊತ್ತಾಗಲ್ಲ. ಜರುಗದೇ ಇರೋ ಒಂದು ಗುರುತು ಬೇಕು, ಅದು ಹಲ್ಲಿನ ಮೇಲೇ ಇದೆ. ಬಿಳಿ ಎನಾಮೆಲ್ ಮುಗಿದು ಬೇರು ಶುರುವಾಗೋ ಗೆರೆ. ಒಸಡು ಹಲ್ಲಿಗೆ ಅಂಟ್ಕೊಂಡಿರೋದು ಆರೋಗ್ಯವಾಗಿದ್ದಾಗ ಆ ಗೆರೆ ಹತ್ರಾನೇ, ಮೂಳೆ ಅಂಚು ಅದಕ್ಕಿಂತ ಒಂದೂವರೆ ಎರಡು ಮಿ.ಮೀ. ಆಚೆಗೆ.

ಈಗ ನಿಮ್ಮ ಮಗಳದ್ದು. ಕ್ಲಿಪ್ ಸುತ್ತ ಪಾಚಿ ಕೂತು ಒಸಡು ಊದಿದೆ. ಅಂಚು ಆ ಗೆರೆ ದಾಟಿ ಹಲ್ಲಿನ ಬಿಳಿ ಭಾಗದ ಮೇಲೆ 5 ಮಿ.ಮೀ. ತನಕ ಏರಿ ಕೂತಿದೆ ಅನ್ಕೊಳ್ಳಿ. ಕಡ್ಡಿ 5 ಇಳಿದ್ರೂ ತುದಿ ಬಂದು ನಿಂತಿದ್ದು ಆ ಗೆರೆ ಹತ್ರಾನೇ. ಅಂಟು ಬಿಟ್ಟಿದ್ದು ಸೊನ್ನೆ. ಮೂಳೆ ಇದ್ದಲ್ಲೇ ಇದೆ. ನಾವಿದನ್ನ ಸುಳ್ಳು ಪಾಕೆಟ್ ಅಂತೀವಿ.

ಅಮ್ಮನ ಮುಂದಿನ ಹಲ್ಲಿಗೆ ಉಲ್ಟಾ. ಒಸಡಿನ ಅಂಚು ಆ ಗೆರೆಯಿಂದ 4 ಮಿ.ಮೀ. ಕೆಳಗೆ ಜಾರಿದೆ, ಚೀಟಿಲಿ ರಿಸೆಶನ್ 4 ಅಂತ ಬರೆದಿದ್ದು ಅದನ್ನೇ. ಅಲ್ಲಿಂದ ಕಡ್ಡಿ ಮತ್ತೆ 3 ಇಳೀತು. 4ಕ್ಕೆ 3 ಕೂಡಿಸಿ, ಬೇರಿನ ಮೇಲೆ 7 ಮಿ.ಮೀ. ಅಂಟು ಹೋಗಿದೆ. ಆ ಹಲ್ಲಿನ ಬೇರೇ ಸುಮಾರು 12-13 ಮಿ.ಮೀ. ಉದ್ದ, ಅಂಟಿನಿಂದಾಚೆ ಮೂಳೆ ಇನ್ನೊಂದು ಮಿ.ಮೀ. ಕೆಳಗಿರುತ್ತೆ, ಅಲ್ಲಿಗೆ ಹಲ್ಲನ್ನ ಹಿಡಿದಿರೋ ಮೂಳೆ ಹೆಚ್ಚೂಕಡಿಮೆ ಮೂರನೇ ಒಂದು ಭಾಗ. ಹೂತ ಕಂಬದ ಮೂರರಲ್ಲಿ ಎರಡು ಪಾಲು ಮಣ್ಣಿಂದ ಹೊರಗೆ ಬಂದ್ರೆ ಅಲ್ಲಾಡದೇ ಏನ್ ಮಾಡುತ್ತೆ, ಚೀಟಿಲಿ ಮೊಬಿಲಿಟಿ ಅಂತ ಬರೆದಿದ್ದು ಆ ಅಲ್ಲಾಟನ್ನೇ.

ಒಂದು ಮಾತು, ಕಡ್ಡಿಯನ್ನೂ ಕಣ್ಣುಮುಚ್ಚಿ ನಂಬೋ ಹಂಗಿಲ್ಲ. ಊದಿರೋ ಒಸಡು ಮೆತ್ತಗಿರುತ್ತೆ, ತಳ ಸಿಕ್ಕಿದ ಮೇಲೂ ತುದಿ ಸ್ವಲ್ಪ ಒಳಗೆ ಹೊಕ್ಕಿಬಿಡುತ್ತೆ. ಕೈ ಭಾರ ಒಬ್ಬೊಬ್ಬರದ್ದು ಒಂದೊಂದು ಥರ. ಒಂದು ಮಿ.ಮೀ. ಹೆಚ್ಚುಕಡಿಮೆ ಬಂದ್ರೆ ನಾನೂ ತಲೆ ಕೆಡಿಸ್ಕೊಳ್ಳಲ್ಲ.

ಲಾರಿ ಮಾಲೀಕ
ಸಾರ್ ಒಳ್ಳೆ ಬಿಡಿಸಿ ಹೇಳಿದ್ರಿ. ಮೆಡಿಕಲ್ ಶಾಪ್ ಅಣ್ಣಂಗೆ ಒಂದು ಮಾತು. ರಕ್ತ ಇಲ್ಲ ಅಂದ್ರೆ ಒಸಡು ಗಟ್ಟಿ ಅಂದ್ರಲ್ಲ, ನಂಗೆ 22 ವರ್ಷ ಸಿಗರೇಟು, ದಿನಕ್ಕೆ ಒಂದು ಪ್ಯಾಕು, ಒಂದು ದಿನ ರಕ್ತ ನೋಡಿಲ್ಲ. ನಾನೂ ಹಂಗೇ ಅನ್ಕೊಂಡಿದ್ದೆ, ನಮ್ಮ ಒಸಡು ಕಲ್ಲು ಅಂತ. 44ಕ್ಕೆ ಎರಡು ದವಡೆ ಹಲ್ಲು ಕೈಯಲ್ಲೇ ಕಿತ್ಕೊಂಡು ಬಂದಂಗೆ ಬಂದ್ವು, ಡಾಕ್ಟ್ರು ಇಂಜೆಕ್ಷನ್ ಕೊಟ್ಟು ಇಕ್ಕಳ ಹಾಕಿದ್ದೊಂದೇ ಕಂಡಿದ್ದು, ಎಳೆಯೋದೇ ಬೇಕಾಗ್ಲಿಲ್ಲ. ಸಿಗರೇಟು ಬಿಟ್ಟು ಎರಡು ತಿಂಗಳಿಗೆ ರಕ್ತ ಬರೋಕೆ ಶುರುವಾಯ್ತು ನೋಡಿ! ಬಿಟ್ಟಿದ್ದಕ್ಕೇ ಹಿಂಗಾಯ್ತು ಅಂತ ಮತ್ತೆ ಸೇದೋಕೆ ಹೊರಟಿದ್ದೆ.

ಒಸಡಿನ ಡಾಕ್ಟ್ರು
ಸಾರ್ ಅಲ್ಲ, ಮೇಡಂ 🙂 ಪರವಾಗಿಲ್ಲ.

ನೀವು ಹೇಳಿದ್ದು ಸರಿ. ತಂಬಾಕು ಒಸಡಿನ ರಕ್ತನಾಳದ ಮೇಲೆ ಪರಿಣಾಮ ಮಾಡುತ್ತೆ, ಉರಿಯೂತ ಒಳಗಿದ್ರೂ ಹೊರಗೆ ಕೆಂಪಗೆ ಕಾಣಲ್ಲ, ರಕ್ತಾನೂ ಕಮ್ಮಿ. ಹೊಗೆ ಮನೆ ತುಂಬಿದ್ರೂ ಕಿಟಕಿ ಮುಚ್ಚಿಟ್ಟಂಗೆ. ಬಿಟ್ಟ ಮೇಲೆ ರಕ್ತ ಬಂದ್ರೆ ಒಸಡು ಮತ್ತೆ ಮಾತಾಡೋಕೆ ಶುರು ಮಾಡ್ತು ಅಂತ. ಬಟ್ಟೆಯಂಗಡಿಯವರೇ, ಅಮ್ಮ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕ್ತಾರಾ? ಶುಗರ್ ಇದೆಯಾ?

ಹಳೇಪೇಟೆ ಬಟ್ಟೆಯಂಗಡಿ
ಎರಡೂ ಐತೆ ಮೇಡಂ. ಹೊಗೆಸೊಪ್ಪು ನಾನು ಹುಟ್ಟೋಕೆ ಮುಂಚಿಂದ. ಶುಗರ್ 12 ವರ್ಷದಿಂದ, ಮೂರು ತಿಂಗಳ ಟೆಸ್ಟ್ ಮಾಡಿಸಿದ್ದು 9.1 ಬಂದಿತ್ತು. ಅಮ್ಮಂಗೆ ಹೊಗೆಸೊಪ್ಪು ಬಿಡು ಅಂದ್ರೆ ನಿಮ್ಮಪ್ಪನ್ನ ಬೇಕಾದ್ರೆ ಬಿಡ್ತೀನಿ ಅಂತಾರೆ.

ಇನ್ನೊಂದು ಕೇಳ್ಬೇಕಿತ್ತು. ನಿನ್ನೆ ಮನೇಲಿ ಹಳೇ ಆಲ್ಬಮ್ ತೆಗೆದೆ, 2009ರಲ್ಲಿ ತಂಗಿ ಮದ್ವೆದು. ಅದ್ರಲ್ಲಿ ಅಮ್ಮನ ಮೇಲಿನ ಎರಡು ಮುಂದಿನ ಹಲ್ಲು ಅಂಟ್ಕೊಂಡಂಗೆ ಅವೆ. ಈಗ ನೋಡಿದ್ರೆ ನಡುವೆ ಬೆಂಕಿಕಡ್ಡಿ ಹೋಗೋವಷ್ಟು ಸಂದಿ, ಒಂದು ಹಲ್ಲು ಮುಂದಕ್ಕೆ ಬಾಗಿ ತುಟಿ ಮೇಲೆ ಕೂರುತ್ತೆ. ದಿನಾ ಎದುರಿಗೇ ಊಟ ಮಾಡ್ತೀವಿ, ಒಂದು ದಿನಾನೂ ಗಮನಿಸಿಲ್ಲ. ಇದೂ ಅದಕ್ಕೇ ಸಂಬಂಧಾನಾ?

ಒಸಡಿನ ಡಾಕ್ಟ್ರು
ಅದೇ. ಆ ಫೋಟೋ ಮುಂದಿನ ಸಲ ತಗೊಂಡು ಹೋಗಿ, ನಮ್ಮಂಥವರಿಗೆ ಎಕ್ಸ್‌ರೇಯಷ್ಟೇ ಬೆಲೆ ಅದಕ್ಕೆ. ಹಲ್ಲಿನ ಮೇಲೆ ನಾಲಿಗೆ ತಳ್ಳುತ್ತೆ, ಅಗಿಯುವಾಗ ಕೆಳಗಿನ ಹಲ್ಲು ತಳ್ಳುತ್ತೆ. ಮೂಳೆ ಪೂರ್ತಿ ಇರೋ ತನಕ ಹಲ್ಲು ತಡ್ಕೊಳ್ಳುತ್ತೆ, ಮೂಳೆ ಕಮ್ಮಿಯಾದಾಗ ನಿಧಾನಕ್ಕೆ ಜರುಗುತ್ತೆ. ಮೇಲಿನ ಮುಂದಿನ ಹಲ್ಲು ಬೀಸಣಿಗೆ ಬಿಚ್ಚಿದಂಗೆ ಹರಡಿಕೊಳ್ಳೋದು, ಮೊದಲಿಲ್ಲದ ಕಡೆ ಊಟ ಸಿಕ್ಕಾಕಿಕೊಳ್ಳೋದು, ಎರಡು ಹಲ್ಲಿನ ನಡುವಿನ ಒಸಡು ಮಾಯವಾಗಿ ಕಪ್ಪು ತ್ರಿಕೋನ ಕಾಣೋದು, ಇವೆಲ್ಲ ಬರೀ ಒಸಡಿನ ಊತದಿಂದ ಆಗಲ್ಲ. ನಿಮ್ಮ ಅಮ್ಮ ರೊಟ್ಟಿ ನೆನೆಸ್ಕೊಂಡು ತಿನ್ನೋದೂ ವಯಸ್ಸಿಗಲ್ಲ.

46ನೇ ಹಲ್ಲಿಗೆ ಬರೆದಿರೋದು ಇನ್ನೂ ಮುಖ್ಯ. ಅದು ಕೆಳಗಿನ ಬಲಗಡೆ ದವಡೆ ಹಲ್ಲು, ಎರಡು ಬೇರು. ಪಂಚೆ ಉಟ್ಟು ಕಾಲು ಅಗಲಿಸಿ ನಿಂತಂಗೆ ಆ ಬೇರುಗಳ ನಡುವೆ ಮೂಳೆ ತುಂಬಿರುತ್ತೆ. ಫರ್ಕೇಶನ್ 2 ಅಂದ್ರೆ ಬಾಗಿದ ಕಡ್ಡಿ ಆ ಕಾಲುಗಳ ನಡುವೆ ಒಳಗೆ ಹೋಗ್ತಿದೆ ಅಂತ, ಇನ್ನೊಂದು ಕಡೆಯಿಂದ ಹೊರಗೆ ಬರೋಷ್ಟು ಆಗಿಲ್ಲ. ಅಲ್ಲಿಗೆ ಬ್ರಶ್ ತಲುಪಲ್ಲ. ಒಸಡು ಒತ್ತಿದ್ರೆ ಕೀವು ಬರ್ತಿದೆ, ಆಗಾಗ ಅಲ್ಲೇ ಗುಳ್ಳೆ ಎದ್ದು ಒಡೆಯುತ್ತೆ ಅಂದ್ರೆ ಒಳಗೆ ಆಳದ ಪಾಕೆಟ್ ಇದೆ ಅಂತಲೇ ನಾನು ಹುಡುಕ್ತೀನಿ. ಬೇರಿನ ತುದಿಯ ಸೋಂಕಿಂದಲೂ ಅಂಥ ಗುಳ್ಳೆ ಬರ್ಬಹುದು, ಅದನ್ನ ಬೇರೆ ಮಾಡಿ ನೋಡ್ಬೇಕು.

ಮತ್ತೆ ಮನೇಲಿ ಬೆರಳಿಂದ ಹಲ್ಲು ಅಲ್ಲಾಡಿಸಿ ನೋಡ್ಬೇಡಿ. ಬೆರಳಿನ ತುದಿ ಮೆತ್ತಗೆ, ಹಲ್ಲು ಅಲ್ಲಾಡ್ತಾ ಬೆರಳು ಅಮುಕ್ತಾ ಗೊತ್ತಾಗಲ್ಲ. ನಾವು ಎರಡು ಕಬ್ಬಿಣದ ಹಿಡಿಯ ನಡುವೆ ಹಿಡಿದು ನೋಡ್ತೀವಿ.

ಕೋಟೆನಾಡು
ಮೇಡಂ ನನ್ನದು ಯಾರೂ ಹೇಳ್ಲಿಲ್ಲ. ನಂಗೂ ಒಸಡು ಇಳಿದಿದೆಯಲ್ಲ, ಹಂಗಾದ್ರೆ 4 ಕೂಡಿಸಿ 2 ಕೂಡಿಸಿ ನಂದೂ ಮೂಳೆ ಹೋಯ್ತಾ?

ಒಸಡಿನ ಡಾಕ್ಟ್ರು
ಕ್ಷಮಿಸಿ, ಬಿಟ್ಟುಹೋಯ್ತು. ಎಲ್ಲಿ ಇಳಿದಿದೆ ಅನ್ನೋದು ಮುಖ್ಯ. ಕೋರೆ ಹಲ್ಲಿನ ಹೊರಗಡೆ ಮಾತ್ರ ಇಳಿದು, ಎರಡು ಹಲ್ಲಿನ ನಡುವಿನ ಮೊನಚು ಒಸಡು ಹಂಗೇ ಇದ್ರೆ, ಬಹಳ ಸಲ ಅದು ಗಡಸು ಬ್ರಶ್ ಹಿಡಿದು ಗರಗಸ ಎಳೆದಂಗೆ ತಿಕ್ಕಿದ್ದಕ್ಕೆ. ಕೋರೆ ಹಲ್ಲಿನ ಮುಂದೆ ಮೂಳೆ ಸಹಜವಾಗೇ ಕಾಗದದಷ್ಟು ತೆಳು. ಅಂಟು ಅಲ್ಲಿ ಹೋಗಿರೋದು ನಿಜ, ಆದ್ರೆ ಅದು ಈ ರೋಗ ಅಲ್ಲ. ಒಸಡಿನ ರೋಗದಲ್ಲಿ ಹಲ್ಲಿನ ನಡುವೆಯೇ ಹೋಗಿರುತ್ತೆ, ಅಲ್ಲಿ ಬ್ರಶ್ ತಿಕ್ಕೋಕೆ ಆಗಲ್ವಲ್ಲ. ನೀವು ಬಲಗೈಯಲ್ಲಿ ಬ್ರಶ್ ಹಿಡಿಯೋರಾ, ಎಡಗಡೆ ಜಾಸ್ತಿ ಇಳಿದಿದೆಯಾ ನೋಡಿ.

ಕೋಟೆನಾಡು
ಅಯ್ಯೋ ಹೌದು ಎಡಗಡೆನೇ ಜಾಸ್ತಿ!! ಆದ್ರೂ ಪೇಸ್ಟ್ ಯಾವುದು ಹೇಳ್ಲಿಲ್ಲ.

ಮೆಡಿಕಲ್ ಶಾಪ್ ಅಣ್ಣ
ಮೇಡಂ ರಕ್ತದ ವಿಷ್ಯದಲ್ಲಿ ನಾನು ತಪ್ಪು ಅಂತಿಟ್ಕೊಳ್ಳಿ. ಎಕ್ಸ್‌ರೇ ಒಂದು ತೆಗೆಸಿದ್ರೆ ಮುಗೀತಲ್ಲ, ಮೂಳೆ ಇದೆಯೋ ಇಲ್ವೋ ಅಂತ ಅದ್ರಲ್ಲೇ ಕಾಣುತ್ತೆ, ಕಡ್ಡಿ ಹಾಕಿ ಚುಚ್ಚೋದು ಯಾಕೆ? ಮತ್ತೆ ನಮ್ಮ ಮಾವಂಗೆ ಕ್ಲೀನ್ ಮಾಡಿದ ಮೇಲೇ ಅಲ್ಲಾಡಿದ್ದು, ಅದು ಮಾತ್ರ ಸುಳ್ಳಲ್ಲ, ನಾನೇ ಕರ್ಕೊಂಡು ಹೋಗಿದ್ದೆ.

ಒಸಡಿನ ಡಾಕ್ಟ್ರು
ಸುಳ್ಳು ಅಂತ ನಾನು ಹೇಳಲ್ಲ. ಅಲ್ಲಾಡಿದ್ದು ಕ್ಲೀನ್ ಆದ ಮೇಲೇ. ಕೆಳಗಿನ ಮುಂದಿನ ಹಲ್ಲಿನ ಹಿಂದೆ ನಾಲಿಗೆ ಅಡಿಯ ಎಂಜಲು ಗ್ರಂಥಿ ಬಾಯಿ ತೆರೆಯುತ್ತೆ, ಅದಕ್ಕೇ ಕಿಟ್ಟ ಅಲ್ಲಿ ಗಾರೆ ಹಾಕಿದಂಗೆ ಕೂರುತ್ತೆ. ಮೂಳೆ ಹೋದ ನಾಲ್ಕಾರು ಹಲ್ಲನ್ನ ಆ ಗಾರೆ ಒಂದಕ್ಕೊಂದು ಅಂಟಿಸಿ ನಿಲ್ಲಿಸಿರುತ್ತೆ. ಅದನ್ನ ತೆಗೆದ ದಿನ ಮೂಳೆ ಎಷ್ಟು ಉಳಿದಿತ್ತು ಅಂತ ಬಯಲಾಗುತ್ತೆ. ಬಿಟ್ಟಿದ್ರೆ ಉಳೀತಿತ್ತಾ ಅಂದ್ರೆ ಇಲ್ಲ, ಆ ಕಿಟ್ಟದ ಅಡಿಯಲ್ಲೇ ಮೂಳೆ ಕರಗ್ತಿದ್ದಿದ್ದು. ಇದನ್ನ ಮುಂಚೆನೇ ಹೇಳದೇ ಕ್ಲೀನ್ ಮಾಡಿ ಕಳಿಸೋ ನಮ್ಮವರದ್ದೂ ತಪ್ಪಿದೆ.

ಎಕ್ಸ್‌ರೇ ಬೇಕು, ಆದ್ರೆ ಅದೊಂದೇ ಸಾಲದು. ಮೂಳೆಯ ಸುಣ್ಣದಂಶ ಮೂರರಲ್ಲಿ ಒಂದು ಪಾಲಿನಷ್ಟಾದ್ರೂ ಹೋಗೋ ತನಕ ಫಿಲ್ಮ್ ಮೇಲೆ ಕಪ್ಪು ಕಾಣಲ್ಲ, ಶುರುವಿನ ನಷ್ಟ ತಪ್ಪಿಹೋಗುತ್ತೆ. ಇನ್ನೊಂದು, ಅದು ನೆರಳಿನ ಚಿತ್ರ, ಹಲ್ಲಿನ ಎಡಬಲ ಸಂದಿಯ ಮೂಳೆ ಕಾಣುತ್ತೆ, ಕೆನ್ನೆ ಕಡೆ ನಾಲಿಗೆ ಕಡೆ ಮೂಳೆ ಹಲ್ಲಿನ ನೆರಳಲ್ಲೇ ಮುಚ್ಚಿಹೋಗುತ್ತೆ. ಅಲ್ಲಿ ಕಡ್ಡಿನೇ ಗತಿ. ಒಂದು ಹಲ್ಲಿಗೆ ಆರು ಕಡೆ ಅಳೆಯೋದು ಅದಕ್ಕೇ, ಹೊರಗೆ ಮೂರು ಒಳಗೆ ಮೂರು. ದೊಡ್ಡ ಎಕ್ಸ್‌ರೇ ಒಂದನ್ನೇ ತೆಗೆಸಿ ಮುಂದಿನ ಹಲ್ಲಿಗೆ ತೀರ್ಪು ಕೊಟ್ರೆ ನಂಬ್ಬೇಡಿ, ನಡುಭಾಗ ಅದ್ರಲ್ಲಿ ಮಸುಕಾಗಿ ಬರುತ್ತೆ, ಬಾಯೊಳಗೆ ಇಟ್ಟು ತೆಗೆಯೋ ಸಣ್ಣದು ಬೇಕು.

ಚನ್ನಗಿರಿ ಸೊಸೆ
ನಮ್ಮತ್ತೆ ಮಾವ ಇಬ್ರೂ ಅಡಿಕೆ ತೋಟದೋರು, ಇಬ್ರೂ ಒಂದೇ ಡಬ್ಬಿಯಿಂದ ಎಲೆ ಅಡಿಕೆ ಹಾಕೋರು. ಅತ್ತೆಗೆ ಒಂದು ಹಲ್ಲಿಲ್ಲ, ಮಾವ 75ರಲ್ಲೂ ಕಬ್ಬು ಸಿಗಿದು ತಿಂತಾರೆ, ಬ್ರಶ್ ಮುಟ್ಟಿದ್ದು ನಾನಂತೂ ನೋಡಿಲ್ಲ. ಇದಕ್ಕೇನಂತೀರಿ? ಜಿಂಜಿವೈಟಿಸ್ ಬಿಟ್ರೆ ಎಲ್ರಿಗೂ ಮೂಳೆಗೆ ಇಳಿಯುತ್ತೆ ಅಂತ ಹೆದರಿಸ್ತಾರಲ್ಲ ಡಾಕ್ಟ್ರುಗಳು.

ಒಸಡಿನ ಡಾಕ್ಟ್ರು
ಎಲ್ರಿಗೂ ಇಳಿಯಲ್ಲ, ನೀವು ಹೇಳಿದ್ದು ಸರಿ. ಹೆರಾಲ್ಡ್ ಲೋ ಅನ್ನೋರು ಶ್ರೀಲಂಕಾದ ಚಹಾ ತೋಟದ 480 ಗಂಡಸರನ್ನ 1970ರಿಂದ 15 ವರ್ಷ ನೋಡಿದ್ರು. ಅವರಿಗೆ ಬ್ರಶ್ಶೂ ಗೊತ್ತಿಲ್ಲ, ಹಲ್ಲಿನ ಡಾಕ್ಟ್ರೂ ಇಲ್ಲ, ಎಲ್ರ ಬಾಯಲ್ಲೂ ಪಾಚಿ, ಕಿಟ್ಟ, ಊದಿದ ಒಸಡು. ಆದ್ರೂ ನೂರಕ್ಕೆ 11 ಜನಕ್ಕೆ ಒಸಡಿನ ಊತದಿಂದ ಮುಂದೆ ಹೋಗ್ಲೇ ಇಲ್ಲ. 8 ಜನಕ್ಕೆ ಬೇಗಬೇಗ ಹಲ್ಲು ಬಿದ್ವು. ಉಳಿದ 81 ಜನ ನಡುವೆ. ನಿಮ್ಮ ಮಾವ ಆ 11ರಲ್ಲಿ ಇರ್ಬೇಕು. ಯಾರು ಯಾವ ಗುಂಪು ಅಂತ 20ನೇ ವಯಸ್ಸಲ್ಲೇ ಹೇಳೋಕೆ ನಂಗೆ ಬರಲ್ಲ, ಶುಗರ್ ಕಂಟ್ರೋಲ್ ಇಲ್ದಿರೋದು, ತಂಬಾಕು, ಮನೆಯವರಿಗೆ ಚಿಕ್ಕ ವಯಸ್ಸಲ್ಲೇ ಹಲ್ಲು ಬಿದ್ದಿರೋದು ಇವನ್ನ ನೋಡಿ ಅಂದಾಜು ಮಾಡ್ತೀವಿ.

ಲಾರಿ ಮಾಲೀಕ
ಕಬ್ಬಿನ ಮಾವಂಗೆ ನನ್ನ ನಮಸ್ಕಾರ.

ಹಳೇಪೇಟೆ ಬಟ್ಟೆಯಂಗಡಿ
ಎರಡೂವರೆ ತಿಂಗಳಾಯ್ತು, ಏನಾಯ್ತು ಅಂತ ಹೇಳೋಣ ಅಂತ ಬಂದೆ. ಮಗಳಿಗೆ ಕ್ಲೀನ್ ಮಾಡಿ, ಕ್ಲಿಪ್ಪಿನ ತಂತಿ ಕೆಳಗೆ ತೂರಿಸೋ ಸಣ್ಣ ಬಾಟಲ್ ಬ್ರಶ್ ಥರದ್ದು ಕೊಟ್ಟಿದ್ರು. ಮೊದಲ ವಾರ ಬ್ರಶ್ ಮಾಡಿದಾಗೆಲ್ಲ ರಕ್ತ ಅಂತ ಬಿಡೋಕೆ ಹೊರಟಿದ್ಲು, ಬಿಡ್ಬೇಡ ಅಂತ ಗದರಿಸ್ದೆ. ಈಗ ರಕ್ತ ನಿಂತೈತೆ, 5 ಇದ್ದಿದ್ದು 3 ಆಗೈತೆ. ಒಂದು ಕಡೆ ಮಾತ್ರ ಒಸಡು ದಪ್ಪಗೇ ಉಳ್ದೈತೆ, ಕ್ಲಿಪ್ ತೆಗೆದ ಮೇಲೆ ನೋಡೋಣ ಅಂದ್ರು.

ಅಮ್ಮಂಗೆ ಇಂಜೆಕ್ಷನ್ ಕೊಟ್ಟು ಎರಡು ಸಿಟ್ಟಿಂಗಲ್ಲಿ ಒಸಡಿನ ಒಳಗೆ ಬೇರು ಕ್ಲೀನ್ ಮಾಡಿದ್ರು. ಎರಡು ತಿಂಗಳು ಬಿಟ್ಟು ಮತ್ತೆ ಕಡ್ಡಿ ಹಾಕಿದಾಗ 46ಕ್ಕೆ 7 ಇದ್ದಿದ್ದು 5, ಕೀವು ಇಲ್ಲ. ಶುಗರ್ ಟೆಸ್ಟ್ 8.2ಕ್ಕೆ ಇಳಿದೈತೆ, ಅದಕ್ಕೆ ಮಾತ್ರೆನೂ ಬದಲಾಯಿಸಿದ್ರು ಅನ್ನಿ. ಕೆಳಗಿನ ಮುಂದಿನ ಹಲ್ಲಿಗೆ 3 ಇದ್ದಿದ್ದು 2 ಆಯ್ತು ಅಂದ್ರು, ನಾನು ಖುಷಿ ಆಗೋ ಅಷ್ಟರಲ್ಲಿ ಚೀಟಿ ನೋಡಿದ್ರೆ ರಿಸೆಶನ್ 4 ಇದ್ದಿದ್ದು 5. ಅಲ್ಲಿಗೆ ಮತ್ತೆ 7 ತಾನೇ ಮೇಡಂ? ಊತ ಇಳಿದು ಒಸಡು ಕೆಳಗೆ ಹೋಯ್ತು ಅಷ್ಟೆ, ಅಂಟು ಇದ್ದಲ್ಲೇ ಐತೆ ಅಂತ ನಾನೇ ಅರ್ಥ ಮಾಡ್ಕೊಂಡೆ. ಅಮ್ಮ ಮಾತ್ರ ಕನ್ನಡಿ ಹಿಡ್ಕೊಂಡು "ಕ್ಲೀನ್ ಮಾಡಿ ನನ್ನ ಹಲ್ಲು ಕುದುರೆ ಹಲ್ಲು ಮಾಡ್ಬಿಟ್ರು" ಅಂತ ಬೈಕೊಂಡು ಓಡಾಡ್ತಾರೆ.

ಒಸಡಿನ ಡಾಕ್ಟ್ರು
ಹೌದು 7ಏ. ಅದು ಹಿಂದಕ್ಕೆ ಬರೋದು ಅಲ್ಲಿ ಕಷ್ಟ, ಆ ಭಾಗದಲ್ಲಿ ಮೂಳೆ ಸಮವಾಗಿ ಇಳಿದಿರುತ್ತೆ, ಮೂಳೆ ಪುಡಿ ತುಂಬಿದ್ರೂ ನಿಲ್ಲೋಕೆ ಗೋಡೆ ಇರಲ್ಲ. 7 ಇದ್ದಿದ್ದು 8 ಆಗ್ಬಾರ್ದು, ನಾವು ನೋಡೋದು ಅದನ್ನೇ. ರಕ್ತ ಬರ್ತಿದೆಯಾ ಕಡ್ಡಿ ಹಾಕಿದಾಗ? ದವಡೆದು 5ರಲ್ಲೇ ನಿಂತು ರಕ್ತ ಬರ್ತಿದ್ರೆ ಅಲ್ಲಿ ಒಸಡು ಬಿಚ್ಚಿ ಕ್ಲೀನ್ ಮಾಡೋ ಮಾತು ಬರುತ್ತೆ. 8.2 ಇದ್ದಾಗ ನಾನಾದ್ರೆ ಸ್ವಲ್ಪ ಕಾಯ್ತೀನಿ.

ಹಳೇಪೇಟೆ ಬಟ್ಟೆಯಂಗಡಿ
ಒಂದು ಕಡೆ ಬರ್ತೈತೆ ಅಂದ್ರು. ಮುಂದಿನ ಹಲ್ಲಿಗೆ ಒಬ್ಬರು ಹಿಂದೆಯಿಂದ ತಂತಿ ಅಂಟಿಸಿ ನಾಲ್ಕೂ ಸೇರಿಸಿ ಕಟ್ಟೋಣ ಅಂತಾರೆ, ಇನ್ನೊಬ್ಬರ ಹತ್ರ ತೋರಿಸಿದ್ರೆ ಕಟ್ಟಿದ್ರೆ ಅಲ್ಲಿ ಕ್ಲೀನ್ ಮಾಡೋಕಾಗಲ್ಲ ತೆಗೆದುಬಿಡಿ ಅಂತಾರೆ. ಅಮ್ಮ ಇನ್ನೂ ಯೋಚ್ನೆ ಮಾಡ್ತಾ ಅವ್ರೆ. ಹೊಗೆಸೊಪ್ಪು ಅರ್ಧ ಮಾಡಿದೀನಿ ಅಂತಾರೆ, ಡಬ್ಬಿ ನೋಡಿದ್ರೆ ಹಂಗೇನೂ ಕಾಣಲ್ಲ.

ಕೋಟೆನಾಡು
ಮೇಡಂ, ಮೆತ್ತನೆ ಬ್ರಶ್ ತಗೊಂಡೆ. ಪೇಸ್ಟ್?